ಕೂದಲೆಳೆಯಲ್ಲಿ ಸೋಲುವ ಯಂತ್ರ

ವೀಡಿಯೊ ಕರೆಯಲ್ಲಿ ಮಾತನಾಡುವವರ ಹಿಂದಿನ ಗೋಡೆ ಮಾಯವಾಗಿ, ಅಲ್ಲಿ ಕಡಲತೀರವೋ ಗ್ರಂಥಭಂಡಾರವೋ ಕಾಣಿಸಿಕೊಳ್ಳುವುದನ್ನು ವಾಚಕರು ನೋಡಿರಬಹುದು. ಚಲಚ್ಚಿತ್ರ ತಯಾರಕರು ಇದಕ್ಕಾಗಿ ನಟರ ಹಿಂದೆ ಹಸಿರು ಪರದೆಯನ್ನು ಕಟ್ಟುತ್ತಾರೆ. ಹಿನ್ನೆಲೆಯ ಬಣ್ಣ ಯಾವುದೆಂಬುದು ಮೊದಲೇ ಗೊತ್ತಿರುತ್ತದೆ. ಪರದೆಯಿಲ್ಲದಾಗ ಮನುಷ್ಯನೆಲ್ಲಿ ಮುಗಿದು ಗೋಡೆಯೆಲ್ಲಿ ಮೊದಲಾಗುತ್ತದೆಂಬುದನ್ನು ಯಂತ್ರವು ತಿಳಿಯುವುದು ಹೇಗೆ?

ಮನುಷ್ಯಾಕೃತಿಯ ಗಡಿಯನ್ನು ಗುರುತಿಸಿಟ್ಟ ಸಾವಿರಾರು ಚಿತ್ರಗಳಿಂದ ಗಣಕಯಂತ್ರಕ್ಕೆ ಮೊದಲು ಪಾಠವಾಗಿರುತ್ತದೆ. ಆ ಬಲದಿಂದ ಅದು ಹೊಸ ಚಿತ್ರದ ಪ್ರತಿಯೊಂದು ಬಿಂದುವಿಗೂ, ಅಂದರೆ ಪಿಕ್ಸೆಲ್ಲಿಗೂ, 0ಯಿಂದ 1ರ ವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. 1 ಎಂದರೆ ಪೂರ್ತಿ ಮನುಷ್ಯ. 0 ಎಂದರೆ ಪೂರ್ತಿ ಹಿನ್ನೆಲೆ. ಈ ಸಂಖ್ಯೆಗಳ ಪಟಕ್ಕೆ ಮಾಸ್ಕ್ ಎಂದು ಹೆಸರು. ಮುಖ, ಭುಜಗಳ ನಡುಭಾಗದಲ್ಲಿ ಕಷ್ಟವಿಲ್ಲ. ಕಷ್ಟವಿರುವುದು ಅಂಚಿನಲ್ಲಿ, ಅದರಲ್ಲಿಯೂ ಕೂದಲಿನಲ್ಲಿ. ಕೂದಲೆಳೆಯು ಬಹುಮಟ್ಟಿಗೆ ಒಂದು ಬಿಂದುವಿಗಿಂತಲೂ ತೆಳ್ಳಗಿರುವುದರಿಂದ, ಆ ಬಿಂದುವಿನಲ್ಲಿ ಕೂದಲಿನ ಬೆಳಕೂ ಹಿಂದಿನ ಬೆಳಕೂ ಬೆರೆತುಹೋಗುತ್ತವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೂದಲಿನ ಬೆಳಕು 10, ಹಿಂದಿನ ಕಿಟಕಿಯ ಬೆಳಕು 90 ಎಂದಿರಲಿ. ಬಿಂದುವಿನ ಅರ್ಧವನ್ನು ಕೂದಲು ಆವರಿಸಿದರೆ ಕ್ಯಾಮೆರಾದಲ್ಲಿ ದಾಖಲಾಗುವುದು 5 + 45 = 50. ಈಗ ಹಿನ್ನೆಲೆಯಲ್ಲಿ 20ರಷ್ಟು ಬೆಳಕಿನ ಮಬ್ಬು ಗೋಡೆಯನ್ನು ಇಡಬೇಕಾದರೆ ಸರಿಯಾದ ಉತ್ತರ 5 + 10 = 15. ಆದರೆ ಯಂತ್ರವು ಆ ಬಿಂದುವನ್ನು ಪೂರ್ತಿ ಮನುಷ್ಯನೆಂದು ಎಣಿಸಿದರೆ 50 ಹಾಗೆಯೇ ಉಳಿಯುತ್ತದೆ. ಅರ್ಧವೆಂದು ಸರಿಯಾಗಿ ಊಹಿಸಿಯೂ ಹಳೆಯ ಬಣ್ಣವನ್ನೇ ಬಳಸಿದರೆ 25 + 10 = 35 ಆಗುತ್ತದೆ. ತಲೆಯ ಸುತ್ತ ಕಾಣುವ ಬೆಳ್ಳನೆಯ ಪ್ರಭಾವಳಿ ಇದೇ. ಅದು ಕಳೆಯದೆ ಉಳಿದ ಕಿಟಕಿಯ ಬೆಳಕು. ಆದುದರಿಂದ ಮಾಸ್ಕ್ ಒಂದೇ ಸಾಲದು, ಕೂದಲಿನ ನಿಜವಾದ ಬಣ್ಣವನ್ನೂ ಕಂಡುಹಿಡಿಯಬೇಕು.

ಇಲ್ಲಿಯೇ ಗಣಿತದ ತೊಡಕು. 50 ಎಂಬುದು ಅರ್ಧ ಮುಚ್ಚಿದ ಕಪ್ಪು ಕೂದಲಾಗಿರಬಹುದು, ಪೂರ್ತಿ ಮುಚ್ಚಿದ ನರೆಗೂದಲೂ ಆಗಿರಬಹುದು. ಕೆಂಪು, ಹಸಿರು, ನೀಲಿ ಸೇರಿ ಪ್ರತಿ ಬಿಂದುವಿಗೆ ಮೂರು ಸಮೀಕರಣಗಳಿವೆ. ಅಜ್ಞಾತಗಳಾದರೋ ಏಳು: ಮನುಷ್ಯನ ಬಣ್ಣದವು ಮೂರು, ಹಿನ್ನೆಲೆಯವು ಮೂರು, ಆವರಿಸಿದ ಪಾಲು ಒಂದು. ಪರದೆ ಕಟ್ಟಿದರೆ ಅಜ್ಞಾತಗಳು ನಾಲ್ಕಕ್ಕೆ ಇಳಿಯುತ್ತವೆ. ಪರದೆಯಿಲ್ಲದಿದ್ದರೆ ಉಳಿದುದನ್ನೆಲ್ಲ ಯಂತ್ರವು ಊಹೆಯಿಂದಲೇ ತುಂಬಬೇಕು.

2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಸುಲಭವಾದ ಒಂದು ಉಪಾಯವನ್ನು ಪ್ರಕಟಿಸಿದರು. ಮನುಷ್ಯನಿಲ್ಲದಾಗ ಅದೇ ಸ್ಥಳದ ಇನ್ನೊಂದು ಚಿತ್ರವನ್ನು ತೆಗೆದುಕೊಂಡರೆ, ಸಾಮಾನ್ಯ ಗೋಡೆಯೇ ಪರದೆಯ ಕೆಲಸ ಮಾಡುತ್ತದೆ. ಆದರೆ ಕ್ಯಾಮೆರಾ ಬಹಳ ಕದಲಿದರೆ, ಅಥವಾ ಗೋಡೆಯ ಮೇಲೆ ಅವನ ದಟ್ಟ ನೆರಳು ಬಿದ್ದರೆ, ಎರಡು ಚಿತ್ರಗಳು ಹೊಂದುವುದಿಲ್ಲ. ನೆರಳೂ ಮನುಷ್ಯನ ಭಾಗವೆಂಬ ಭ್ರಮೆ ಹುಟ್ಟಬಹುದು.

ಮಾಸ್ಕ್ ಸರಿಯಾಗಿದೆಯೇ ಎಂದು ನೋಡಲು, ಬೇರ್ಪಡಿಸಿದ ಆಕೃತಿಯನ್ನು ಒಮ್ಮೆ ಅಚ್ಚ ಬಿಳಿಯ ಮೇಲೆ, ಒಮ್ಮೆ ಅಚ್ಚ ಕಪ್ಪಿನ ಮೇಲೆ ಇಡಬೇಕು. ಬಿಳಿಯ ಮೇಲೆ ಅಡಗುವ ಪ್ರಭಾವಳಿ ಕಪ್ಪಿನ ಮೇಲೆ ಬಯಲಾಗುತ್ತದೆ. ಅದನ್ನು ಮೊದಲೇ ತಪ್ಪಿಸಬೇಕಾದರೆ ಕಿಟಕಿಗೆ ಬೆನ್ನು ಮಾಡಿ ಕುಳಿತುಕೊಳ್ಳದಿರುವುದೇ ಮೇಲು.