ಹೊಸತೊಡಕಿನಿಂದ ಹಿಂದಕ್ಕೆ ಎಣಿಸುವ ಕ್ಯಾಲೆಂಡರ್

ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಕಂಪನಿಯ ಕರಾರಿಲ್ಲದೆ ಸ್ವಂತವಾಗಿ ಸಾವಿರ ಬ್ರಾಯ್ಲರ್ ಸಾಕುವವರು ಶೆಡ್ಡಿನ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದದ್ದು ಕೋಳಿ ಹೋಗುವ ದಿನಕ್ಕೆ. ಮರಿ ಬರುವ ದಿನ ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸಿಗುತ್ತದೆ.

2026ರ ಲೆಕ್ಕ ನೋಡಿ. ಯುಗಾದಿ ಮಾರ್ಚ್ 19ರ ಗುರುವಾರ. ಹೊಸತೊಡಕಿಗೆ ಎರಡು ದಿನ ಮುಂಚೆಯೇ ಕೋಳಿ ಅಂಗಡಿ ಸೇರಬೇಕು, ಅಂದರೆ 18ಕ್ಕೆ ಮಾರಾಟ. ಎರಡು ಕೆಜಿ ತೂಗಲು ಸುಮಾರು 38 ದಿನ ಬೇಕು. ಹಾಗಾಗಿ ಫೆಬ್ರುವರಿ 8ರ ಭಾನುವಾರ ಮರಿ ಇಳಿಯಬೇಕು. ಅದಕ್ಕೂ ಎರಡು ವಾರ ಮೊದಲೇ ಹಿಂದಿನ ಬ್ಯಾಚ್ ಖಾಲಿಯಾಗಿರಬೇಕು. ಹಳೆ ಹೊಟ್ಟು ತೆಗೆದು, ತೊಳೆದು, ಸುಣ್ಣ ಬಳಿದು, ಶೆಡ್ ಒಣಗಿಸಲು ಈ ಬಿಡುವು. ಇದನ್ನು ಮೊಟಕು ಮಾಡಿದರೆ ಹಿಂದಿನ ಬ್ಯಾಚಿನ ರೋಗ ಹೊಸ ಮರಿಗಳಿಗೆ ಕಾದು ಕೂತಿರುತ್ತದೆ.

ಲಸಿಕೆ ಮೂರು ಸಲ, ಮೂರೂ ಭಾನುವಾರ. ಏಳನೆಯ ದಿನ, ಫೆಬ್ರುವರಿ 15ಕ್ಕೆ, ಕೊಕ್ಕರೆ ರೋಗಕ್ಕೆ ಲಸೋಟಾ. ಒಂದೊಂದೇ ಮರಿ ಹಿಡಿದು ಕಣ್ಣಿಗೆ ಒಂದು ಹನಿ. ಮಕ್ಕಳಿಗೆ ಶಾಲೆಯಿಲ್ಲದ ದಿನವಾದ್ದರಿಂದ ಮರಿ ಹಿಡಿಯಲು ಕೈಗಳು ಸಿಗುತ್ತವೆ. 22ಕ್ಕೆ ಗಂಬೊರೊ, ಮಾರ್ಚ್ 1ಕ್ಕೆ ಮತ್ತೆ ಲಸೋಟಾ. ಇವೆರಡೂ ಕುಡಿಯುವ ನೀರಿನಲ್ಲಿ. ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ. ಅದಕ್ಕೇ ಕ್ಲೋರಿನ್ ಹಾಕದ ನೀರು ಬಳಸಿ, ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲಿನ ಪುಡಿ ಕರಗಿಸುತ್ತಾರೆ. ಮೊದಲು ಒಂದೆರಡು ಗಂಟೆ ನೀರು ತೆಗೆದಿಟ್ಟರೆ ಬಾಯಾರಿದ ಕೋಳಿಗಳು ಎರಡು ಗಂಟೆಯೊಳಗೆ ಲಸಿಕೆಯ ನೀರನ್ನು ಕುಡಿದು ಮುಗಿಸುತ್ತವೆ.

ಆಹಾರ ಬದಲಿಸುವ ದಿನ ಲಸಿಕೆಯ ದಿನದ ಮೇಲೆ ಬೀಳಬಾರದು, ಎರಡೂ ಒಟ್ಟಿಗೆ ಬಂದರೆ ಕೋಳಿ ಸೊರಗುತ್ತದೆ. ಆದ್ದರಿಂದ ಹತ್ತನೆಯ ದಿನದವರೆಗೆ ಪ್ರೀ-ಸ್ಟಾರ್ಟರ್, 23ನೆಯ ದಿನದವರೆಗೆ ಸ್ಟಾರ್ಟರ್, ಆಮೇಲೆ ಫಿನಿಶರ್. ಬದಲಿಸುವಾಗ ಎರಡು ದಿನ ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕಬೇಕು.

ಕ್ಯಾಲೆಂಡರ್ ಹಳಿ ತಪ್ಪುತ್ತಿದೆಯೇ ಎಂದು ತಕ್ಕಡಿ ಹೇಳುತ್ತದೆ. ಸುಮಾರು 40 ಗ್ರಾಂ ಇದ್ದ ಮರಿ ಏಳನೆಯ ದಿನಕ್ಕೆ ಅದರ ನಾಲ್ಕರಷ್ಟು ತೂಗಬೇಕು. ತೂಗದಿದ್ದರೆ ಮೊದಲು ಬ್ರೂಡರಿನ ಕಾವು ನೋಡಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದರೆ ಸೆಕೆ. ಆ ವಾರ ಕಳೆದುಕೊಂಡ ತೂಕ ಕೊನೆಯಲ್ಲಿ ಹೆಚ್ಚುವರಿ ದಿನಗಳ ಹೊರೆಯಾಗುತ್ತದೆ. ಮಾರಾಟ ಒಂದು ದಿನ ಜಾರಿದರೆ ಸಾವಿರ ಕೋಳಿ ಐವತ್ತು ಕೆಜಿಯ ಮೂರು ಚೀಲ ಮೇವು ಮುಗಿಸುತ್ತವೆ.

ಇದೇ ಎಣಿಕೆಯನ್ನು ಮುಂದಕ್ಕೂ ಎಳೆಯಿರಿ. ಏಪ್ರಿಲ್ 1ಕ್ಕೆ ಇಳಿದ ಮರಿ ಮೇ 9ಕ್ಕೆ, ಮೇ 23ರದು ಜೂನ್ 30ಕ್ಕೆ, ಜುಲೈ 14ರದು ಆಗಸ್ಟ್ 21ಕ್ಕೆ ಮಾರಾಟ. ಆಗಸ್ಟ್ 13ಕ್ಕೇ ಶ್ರಾವಣ ಹುಟ್ಟುತ್ತದೆ, ಎಷ್ಟೋ ಮನೆಗಳಲ್ಲಿ ಬಾಡು ಬಂದ್. ಜುಲೈ 14ಕ್ಕೆ ಅರ್ಧದಷ್ಟೇ ಮರಿ ಇಳಿಸುವುದೋ, ತಿಂಗಳು ಮುಂದೂಡುವುದೋ ಎಂಬ ತೀರ್ಮಾನವನ್ನು ಫೆಬ್ರುವರಿಯಲ್ಲೇ ಮಾಡಬಹುದು.