ಕಣ್ಣು ನಿಂತ ಗಳಿಗೆ

ನಮ್ಮೂರ ಜಾತ್ರೆಯ ರಾತ್ರಿ ‘ಅಭಿಮನ್ಯು ಕಾಳಗ’ ಆಟವಿತ್ತು. ಅಕ್ಕನ ಮಗ ಅದರ 14 ನಿಮಿಷದ ಒಂದು ಭಾಗವನ್ನು ಚಿತ್ರೀಕರಿಸಿ, ಎಡಿಟ್ ಮುಗಿಸಿ, ಯೂಟ್ಯೂಬಿಗೆ ಹಾಕುವ ಮುನ್ನ ನನ್ನಲ್ಲಿಗೆ ತಂದಿದ್ದ. ಥಂಬ್‌ನೇಲ್ ಒಂದೇ ಬಾಕಿ. “ಮಾವ, ಧೀಂಗಿಣದ್ದೇ ಹಾಕುವ. ಜನ ಚಪ್ಪಾಳೆ ಹೊಡೆದದ್ದು ಅಲ್ಲಿಯೇ” ಎಂದ. ನೋಡುವುದಕ್ಕೆ ಅದೇ ಸರಿ ಅನ್ನಿಸುತ್ತದೆ. ಆದರೆ ಅಲ್ಲಿ ಎಲ್ಲಿ ನಿಲ್ಲಿಸಿದರೂ ಪುಂಡುವೇಷದ ಮುಖದ ಜಾಗದಲ್ಲಿ ಹಳದಿ ಬಣ್ಣ ಅಡ್ಡಡ್ಡ ಒರೆಸಿದಂತೆ ಕಾಣುತ್ತಿತ್ತು. ಕಣ್ಣೇ ಇಲ್ಲ.

ಅದು ಕ್ಯಾಮೆರಾದ ದೋಷವಲ್ಲ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಸಾಮಾನ್ಯವಾಗಿ ಒಂದೊಂದು ಫ್ರೇಮಿಗೂ ಶಟರ್ ಸೆಕೆಂಡಿನ 50ನೇ ಒಂದು ಭಾಗ ತೆರೆದಿರುತ್ತದೆ. ಅಷ್ಟು ಹೊತ್ತಿನಲ್ಲಿ ವೇಷ ಸರಿದಷ್ಟೂ ದೂರ ಆ ಒಂದೇ ಚಿತ್ರದಲ್ಲಿ ಬಳಿದುಕೊಳ್ಳುತ್ತದೆ. ವಿಡಿಯೋ ಓಡುವಾಗ ಈ ಮಸುಕೇ ಕುಣಿತಕ್ಕೆ ಮೃದುತ್ವ ಕೊಡುತ್ತದೆ. ಚಿತ್ರವಾಗಿ ನಿಲ್ಲಿಸಿದಾಗ ಅದೇ ಕೆಡಿಸುತ್ತದೆ. ಹೀಗೆ ಬಳಿದುಹೋದ ಕಣ್ಣನ್ನು ಆಮೇಲೆ ಯಾವ ಶಾರ್ಪನಿಂಗೂ ಮರಳಿ ತರಲಾರದು. ಅಂಚುಗಳು ಇನ್ನಷ್ಟು ಒರಟಾಗುತ್ತವೆ, ಅಷ್ಟೇ.

ಹಾಗಾಗಿ ಆವೇಶದ ದೃಶ್ಯದಲ್ಲೂ ನಾವು ಹುಡುಕಬೇಕಾದದ್ದು ನಿಲುಗಡೆಯನ್ನು. ಯಕ್ಷಗಾನದಲ್ಲಿ ಅದಕ್ಕೆ ಬರವಿಲ್ಲ. ಚೆಂಡೆಯ ಮುಕ್ತಾಯಕ್ಕೆ ಹೆಜ್ಜೆ ಒತ್ತಿ ವೇಷ ಒಂದು ಕ್ಷಣ ತಡೆದು ನಿಲ್ಲುತ್ತದೆ. ಕೈ ಇನ್ನೂ ಬಿಗಿ, ಕಣ್ಣು ಅರಳಿದೆ, ಮೈ ಮಾತ್ರ ಅಲುಗುತ್ತಿಲ್ಲ. ಜಿಗಿತದಲ್ಲೂ ಅಂಥ ಒಂದು ಜಾಗ ಇದೆ. 40 ಸೆಂಟಿಮೀಟರ್ ಮೇಲಕ್ಕೆ ಹಾರುವವನು ನೆಲ ಬಿಡುವಾಗ ಒಂದು ಫ್ರೇಮಿನೊಳಗೇ ಸುಮಾರು ಐದೂವರೆ ಸೆಂಟಿಮೀಟರ್ ಏರಿರುತ್ತಾನೆ. ತುತ್ತತುದಿಯಲ್ಲಾದರೆ ಏರುವುದು ಮುಗಿದು ಇಳಿಯುವುದು ಇನ್ನೂ ಶುರುವಾಗಿರುವುದಿಲ್ಲ, ಸರಿದಾಟ ಇಲ್ಲವೆನ್ನುವಷ್ಟು ಕಡಿಮೆ. ನೇರ ಜಿಗಿತಕ್ಕೆ ಈ ಲೆಕ್ಕ ಸಲ್ಲುತ್ತದೆ. ಧೀಂಗಿಣದಲ್ಲಿ ಮೈ ಸುತ್ತುತ್ತಲೂ ಇರುವುದರಿಂದ ಅಲ್ಲಿ ತುದಿಯೂ ಮಸುಕೇ.

ನಾವು ಧೀಂಗಿಣ ಮುಗಿದ ಕೂಡಲೇ ಬರುವ ನಿಲುಗಡೆಗೆ ಹೋದೆವು. 9 ನಿಮಿಷ 42ನೇ ಸೆಕೆಂಡ್. ಪ್ಲೇಯರಿನಲ್ಲಿ ಪಾಸ್ ಒತ್ತಿ ಹಿಡಿಯಲು ಹೋದರೆ ಬೆರಳು ಸದಾ ತಡವಾಗುತ್ತದೆ. VLC ಪ್ಲೇಯರಿನಲ್ಲಾದರೆ `E` ಒತ್ತಿದಷ್ಟು ಸಲ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ನಾನು ಆ ಇಡೀ ಸೆಕೆಂಡನ್ನೇ ಬಿಡಿ ಚಿತ್ರಗಳಾಗಿ ತೆಗೆದು ಹರಡಿಕೊಳ್ಳುತ್ತೇನೆ.

```
ffmpeg -ss 00:09:42 -i kalaga.mp4 -t 1 aata%02d.png
```

25 ಚಿತ್ರಗಳು ಬಂದವು. ಸಣ್ಣದಾಗಿ ನೋಡಿದರೆ ಎಲ್ಲವೂ ಒಂದೇ ಥರ. ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಬರೀ ಕಣ್ಣನ್ನು ನೋಡುತ್ತ ಹೋದಾಗ ಬೇರೆಬೇರೆಯಾದವು. ಮೊದಲ ಏಳರಲ್ಲಿ ತಲೆ ಇನ್ನೂ ತಿರುಗುತ್ತಿತ್ತು. ಮೂರರಲ್ಲಿ ರೆಪ್ಪೆ ಅರ್ಧ ಇಳಿದಿತ್ತು. ಮತ್ತೆ ಕೆಲವದರಲ್ಲಿ ಬಾಯಿ ಉಸಿರಿಗೆ ತೆರೆದು ದಣಿವು ಕಾಣುತ್ತಿತ್ತು. ಅದು ಕಲಾವಿದನ ದಣಿವು, ಅಭಿಮನ್ಯುವಿನದಲ್ಲ. ಆ ಚಿತ್ರಗಳನ್ನು ಬಳಸಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ. ಕೊನೆಗೆ ಹನ್ನೊಂದು ಮತ್ತು ಹನ್ನೆರಡನೆಯವು ಉಳಿದವು. ಹನ್ನೊಂದರಲ್ಲಿ ಕೆನ್ನೆಯ ಮೇಲೆ ಚೌಕಚೌಕದ ಕಲೆ. ವಿಡಿಯೋ ಫೈಲು ಎಲ್ಲ ಫ್ರೇಮುಗಳನ್ನೂ ಇಡಿಯಾಗಿ ಉಳಿಸುವುದಿಲ್ಲ. ಕೆಲವನ್ನು ಇಡಿಯಾಗಿಯೂ ನಡುವಿನವನ್ನು ಆದ ಬದಲಾವಣೆಯಾಗಿಯೂ ಬರೆದಿಡುತ್ತದೆ. ಅದರಿಂದ ಅಕ್ಕಪಕ್ಕದ ಎರಡು ಫ್ರೇಮುಗಳ ಗುಣದಲ್ಲೂ ವ್ಯತ್ಯಾಸ ಬರಬಹುದು. ಹನ್ನೆರಡನೆಯದು ತಿಳಿಯಾಗಿತ್ತು, ಅದನ್ನೇ ಇಟ್ಟುಕೊಂಡೆವು. ಈ ಕೆಲಸಕ್ಕೆ ಎಡಿಟಿಂಗಿನಿಂದ ಹೊರಬಂದ ಮೂಲ ಫೈಲೇ ಬೇಕು. ಹುಡುಗ ಮೊದಲು ಮೊಬೈಲಿನಲ್ಲಿ ಮೆಸೇಜಾಗಿ ಕಳಿಸಿದ್ದ ಪ್ರತಿಯಲ್ಲಿ ಹಣೆಯ ನಾಮದ ಗೆರೆಯೇ ಕರಗಿಹೋಗಿತ್ತು.

ಇನ್ನು ತಿದ್ದುವ ಕೆಲಸ. ಫೂಟೇಜ್ 1920x1080, ಥಂಬ್‌ನೇಲ್ ಬೇಕಾದದ್ದು 1280x720. ಅಂದರೆ ಚಿತ್ರವನ್ನು ಹಿಗ್ಗಿಸದೆಯೇ ಒಂದೂವರೆ ಪಟ್ಟು ಹತ್ತಿರಕ್ಕೆ ಹೋಗುವಷ್ಟು ಕತ್ತರಿಸಬಹುದು. ಆದರೆ ಪೂರ್ತಿ ಅಷ್ಟು ಕತ್ತರಿಸುವುದು ನನಗೆ ಒಗ್ಗದು. ಕಾರಣ ಕೆಂಪು ಬಣ್ಣ. ಸಾಮಾನ್ಯ ವಿಡಿಯೋದಲ್ಲಿ ಬೆಳಕು-ನೆರಳನ್ನು ಪೂರ್ಣ ವಿವರದಲ್ಲಿ ಬರೆದಿಟ್ಟರೆ, ಬಣ್ಣವನ್ನು ಉದ್ದಗಲ ಎರಡರಲ್ಲೂ ಅರ್ಧ ವಿವರಕ್ಕೆ ಇಳಿಸಿರುತ್ತಾರೆ. ಉಳಿದ ಕಡೆ ಅದು ಕಣ್ಣಿಗೆ ಬೀಳದು. ಕಪ್ಪಿನ ಪಕ್ಕ ಗಾಢ ಕೆಂಪು ಬಂದಾಗ ಮಾತ್ರ ಅಂಚು ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ. ವೇಷದ ದಗಲೆಯೇ ಕೆಂಪಾಗಿರುವಾಗ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಚಿತ್ರವನ್ನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ ಆಮೇಲೆ ಕುಗ್ಗಿಸಿದರೆ ಮೆಟ್ಟಿಲುಗಳು ಒಳಗೊಳಗೇ ಬೆರೆಯುತ್ತವೆ, ಕತ್ತಲಿನ ಕಾಳುಕಾಳೂ ತಗ್ಗುತ್ತದೆ. ನಾವು 1600x900ರಷ್ಟು ಉಳಿಸಿಕೊಂಡು ಕುಗ್ಗಿಸಿದೆವು. ಶಾರ್ಪನಿಂಗ್ ಮಾಡಿದ್ದು ಕುಗ್ಗಿಸಿದ ಮೇಲೆ, ಅದೂ ತುಸುವೇ.

ಕತ್ತರಿಸುವಾಗ ವೇಷವನ್ನು ನಡುವಿನಿಂದ ಎಡಕ್ಕೆ ತಂದೆವು. ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ವಿಡಿಯೋದ ಅವಧಿ ಕಪ್ಪು ಚೌಕದಲ್ಲಿ ಬಂದು ಕೂರುತ್ತದೆ. ಆ ಜಾಗದಲ್ಲಿ ಬಿಲ್ಲಿನ ತುದಿ ಇದ್ದಿದ್ದರೆ ಮುಚ್ಚಿಹೋಗುತ್ತಿತ್ತು. ಪಗಡಿಯ ಪಕ್ಕದಲ್ಲೇ ನೇತಾಡುತ್ತಿದ್ದ ಮೈಕಿನ ವಯರನ್ನು ಅಳಿಸಿದೆವು. ಇನ್ನೊಂದು ಫ್ರೇಮಿನಿಂದ ದ್ರೋಣನ ವೇಷವನ್ನು ಕತ್ತರಿಸಿ ಎದುರಿಗೆ ನಿಲ್ಲಿಸೋಣವೇ ಎಂದು ಹುಡುಗ ಕೇಳಿದ. ನಾನು ಒಪ್ಪಲಿಲ್ಲ. ಆ ಹೊತ್ತಿನಲ್ಲಿ ರಂಗದ ಮೇಲೆ ಇಬ್ಬರೂ ಹಾಗೆ ನಿಂತಿರಲಿಲ್ಲ. ನಿಂತಿದ್ದರೆಂದು ನಂಬಿ ನೋಡಲು ಬಂದವರು 14 ನಿಮಿಷ ಕಾಯುತ್ತಾರೆ.

ಬಣ್ಣ ಸರಿಪಡಿಸುವಾಗ ಹೆಚ್ಚು ಹೊತ್ತು ಹಿಡಿಯಿತು. ರಂಗದ ಎಲ್ಇಡಿ ಬೆಳಕು ಇಡೀ ಚಿತ್ರವನ್ನು ನೇರಳೆಗೆ ಎಳೆದಿತ್ತು. ಸಾಫ್ಟ್‌ವೇರಿನ ಸ್ವಯಂಚಾಲಿತ ತಿದ್ದುಪಡಿ ಒತ್ತಿದರೆ ಮುಖ ಸಾಧಾರಣ ಮೈಬಣ್ಣಕ್ಕೆ ತಿರುಗಿತು. ಅದು ತಪ್ಪು. ಮುಖವರ್ಣಿಕೆಯ ಹಳದಿ ಹಳದಿಯಾಗಿಯೇ ಇರಬೇಕು. ಹಿಂದೆ ಅರದಳ ತೇಯ್ದು ಹಚ್ಚುತ್ತಿದ್ದದ್ದು ಆ ಬಣ್ಣಕ್ಕಾಗಿಯೇ. ಹಾಗಾಗಿ ಹಿಂದೆ ಕುಳಿತಿದ್ದ ಭಾಗವತರ ಬಿಳಿ ಪಂಚೆಯನ್ನು ಬಿಳಿಗೆ ಅಳತೆಯಾಗಿ ಹಿಡಿದು ತಿದ್ದಿದೆವು. ಮುಖ ತಾನಾಗಿ ಸರಿಹೋಯಿತು. ನೆರಳನ್ನು ಸ್ವಲ್ಪ ಎತ್ತಿದೆವು, ಹಿಂದಿನ ನೀಲಿ ಪರದೆಯನ್ನು ಕಂದಿಸಿದೆವು. ಎದೆಪದಕದ ಮೇಲೆ ಬೆಳಕು ಬಿದ್ದು ಪೂರ್ತಿ ಬೆಳ್ಳಗಾದ ಒಂದು ಚುಕ್ಕೆ ಹಾಗೆಯೇ ಉಳಿಯಿತು. ಸುಟ್ಟುಹೋದ ಬಿಳುಪಿನಲ್ಲಿ ಮರಳಿ ತೆಗೆಯಲು ವಿವರವೇ ಇರುವುದಿಲ್ಲ. ಅದು ಮುಖದ ಮೇಲಿದ್ದಿದ್ದರೆ ಬೇರೆ ಫ್ರೇಮನ್ನೇ ಹುಡುಕಬೇಕಾಗುತ್ತಿತ್ತು.

ಅಕ್ಷರ ಬೇಕೆಂದು ಹುಡುಗ ಹಟ ಹಿಡಿದ. ‘ಚಕ್ರವ್ಯೂಹ ಪ್ರವೇಶ’ ಎಂದು ಎರಡು ಸಾಲಿನಲ್ಲಿ ಬರೆದ. ಮೇಲಿನ ಸಾಲಿನ ಒತ್ತಕ್ಷರದ ಬಾಲ ಕೆಳಸಾಲಿನ ಏತ್ವದ ಕೊಂಬಿಗೆ ಹೋಗಿ ತಾಗಿತು. ಕನ್ನಡದ ಸಾಲಿಗೆ ಮೇಲೂ ಕೆಳಗೂ ಜಾಗ ಬೇಕು. ಇಂಗ್ಲಿಷಿಗೆ ಹೊಂದುವ ಸಾಲಂತರ ಇಲ್ಲಿ ಸಾಲದು. ದಪ್ಪ ಫಾಂಟ್ ಹಾಕಿದಾಗ ‘ವ್ಯೂ’ದ ಒಳಗಿನ ಖಾಲಿ ಜಾಗವೇ ಮುಚ್ಚಿಹೋಯಿತು. ಮಧ್ಯಮ ದಪ್ಪದ ಫಾಂಟಿನಲ್ಲಿ ‘ಚಕ್ರವ್ಯೂಹ’ ಎಂಬ ಒಂದೇ ಪದ ಉಳಿಸಿ, ಅದನ್ನು ಬಲಕ್ಕೆ ಮೇಲೆ, ಕಂದಿಸಿದ ಪರದೆಯ ಮೇಲೆ ಇಟ್ಟೆವು.

ಆಮೇಲೆ ಚಿತ್ರವನ್ನು ಮೊಬೈಲಿಗೆ ಕಳಿಸಿ, ಹೆಬ್ಬೆರಳಿನ ಅಗಲಕ್ಕೆ ಕುಗ್ಗಿಸಿ, ಅಕ್ಕನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡಿರಲಿಲ್ಲ. “ಕಣ್ಣು ಬಿಟ್ಟುಕೊಂಡು ನಿಂತಿದ್ದಾನಲ್ಲ, ಅಭಿಮನ್ಯುವಾ?” ಎಂದಳು. ಹುಡುಗ ಅಪ್‌ಲೋಡ್ ಒತ್ತಿದ.