ನಾಮಕರಣ ಆಗಿಲ್ಲವೆಂದು ನಿಂತ ಹೆರಿಗೆ ಸಂಬಳ

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಎರಡು ತಿಂಗಳ ಬಾಣಂತಿ. "ಅಕ್ಕಾ, ಫೆಬ್ರವರಿ ಹತ್ತರಿಂದ ಒಂದು ರೂಪಾಯಿ ಬಂದಿಲ್ಲ. ಕೇಳಿದರೆ ಪ್ರೋಸೆಸ್ ಆಗ್ತಿದೆ ಅಂತಾರೆ. ಮತ್ತೆ ಮತ್ತೆ ಕೇಳೋಕೆ ಮುಜುಗರ" ಎಂದಳು. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅವಳಿಗೆ ತಿಂಗಳಿಗೆ 36,000 ರೂಪಾಯಿ ಸಂಬಳ. ನಾನು ಹನ್ನೊಂದು ವರ್ಷ ಬೇರೊಂದು ಕಡೆ ಪೇರೋಲ್ ವಿಭಾಗದಲ್ಲಿ ಕೂತು ಇಂಥ ಕಡತಗಳನ್ನು ನೋಡಿದವಳು. ಸಂಬಳದ ಚೀಟಿಗಳನ್ನು ಕಳಿಸು ಎಂದೆ.

ಮಾರ್ಚ್ ಚೀಟಿ ತೆರೆದ ಕೂಡಲೇ ಅರ್ಧ ವಿಷಯ ತಿಳಿಯಿತು. ಹಾಜರಿ ಸೊನ್ನೆ, `LOP` ಎಂಬಲ್ಲಿ 31. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವಳು ಹೆರಿಗೆ ರಜೆಯಲ್ಲೇ ಇರಲಿಲ್ಲ, ಸಂಬಳವಿಲ್ಲದ ರಜೆಯಲ್ಲಿದ್ದಳು. ಅವಳ ಮೇಲಿನವರು ರಜೆಯನ್ನು ಒಪ್ಪಿದ್ದರು, ಆದರೆ ಎಚ್‌ಆರ್‌ನವರು ಅದನ್ನು ಹೆರಿಗೆ ರಜೆಯ ಖಾತೆಗೆ ಹಾಕಿರಲಿಲ್ಲ. ಪೇರೋಲ್‌ನಲ್ಲಿ ಕೂತವರಿಗೆ ಮನುಷ್ಯರು ಕಾಣುವುದಿಲ್ಲ, ಈ ಅಂಕಿ ಮಾತ್ರ ಕಾಣುತ್ತದೆ. ಹೆರಿಗೆ ಸಂಬಳ ಬಂದಿಲ್ಲ ಎನ್ನುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ: ಚೀಟಿಯಲ್ಲಿ ನಿಮ್ಮ ರಜೆ ಯಾವ ಹೆಸರಿನಲ್ಲಿ ಬಿದ್ದಿದೆ ನೋಡಿ.

ಖಾತೆಗೆ ಯಾಕೆ ಹಾಕಿರಲಿಲ್ಲ ಎಂದು ವಿಚಾರಿಸಿದಾಗ ಬಂದ ಉತ್ತರ ಕೇಳಿ ನನಗೆ ಸಿಟ್ಟೇ ಬಂತು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆಯಂತೆ, ಹೆಸರು ಸೇರಿಸಿ ತನ್ನಿ ಅಂದಿದ್ದರಂತೆ. ನಾಮಕರಣವನ್ನು ಅವರ ಮನೆಯಲ್ಲಿ ಮೂರನೇ ತಿಂಗಳಿಗೆ ಇಟ್ಟುಕೊಂಡಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ. ಅದಕ್ಕೇ ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಿ, ಹೆಸರನ್ನು ಆಮೇಲೆ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ. ಹೆರಿಗೆ ಸಂಬಳಕ್ಕೆ ಬೇಕಾದ್ದು ಹೆರಿಗೆಯಾಗಿದೆ ಎಂಬ ಪುರಾವೆ. ಮಗುವಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಆಗ ಅವಳಿಗೆ ಅನ್ವಯಿಸುತ್ತಿದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. ಡಾಕ್ಟರು ಬರೆದುಕೊಡುವ ಹೆರಿಗೆಯ ನಿರೀಕ್ಷಿತ ದಿನಾಂಕವನ್ನು, ನಾವೆಲ್ಲ ಡ್ಯೂ ಡೇಟ್ ಅನ್ನುವುದನ್ನು, ಗೂಟ ಮಾಡಿಕೊಂಡು ಅದರ ಲೆಕ್ಕ ನಡೆಯುತ್ತದೆ. ಆ ದಿನಾಂಕದ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಹಕ್ಕು ಬಂತು. "ಒಂದು ವರ್ಷ ಸರ್ವೀಸ್ ಆಗಬೇಕು" ಎಂದು ಕೆಲವು ಕಡೆ ಹೇಳಿ ಕಳಿಸುತ್ತಾರೆ, ಅದು ತಪ್ಪು. ರಜೆ 26 ವಾರ, ಡ್ಯೂ ಡೇಟಿಗೆ ಮೊದಲು ಅದರಲ್ಲಿ 8 ವಾರದವರೆಗೆ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಮಾತ್ರ 12 ವಾರ.

ಹಣ ಯಾವಾಗ ಕೊಡಬೇಕು ಎಂಬುದನ್ನೂ ಆ ಕಾಯ್ದೆ ಬಿಡಿಸಿ ಹೇಳಿತ್ತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಡ್ಯೂ ಡೇಟಿಗೆ ಮುಂಚಿನ ದಿನಗಳ ಹಣವನ್ನು ಗರ್ಭಿಣಿ ಎಂಬ ಪುರಾವೆ ಕೊಟ್ಟಾಗ ಮುಂಗಡವಾಗಿಯೇ ಕೊಡಬೇಕು. ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಅನೇಕ ಕಂಪನಿಗಳು ಎಂದಿನಂತೆ ತಿಂಗಳು ತಿಂಗಳು ಸಂಬಳ ಹಾಕುತ್ತವೆ, ತಾಯಿಗೆ ಅದು ಒಪ್ಪಿಗೆಯಾದರೆ ತಕರಾರಿಲ್ಲ. ಆದರೆ ತಿಂಗಳಾದರೂ ಬಾರದೇ ಹೋದಾಗ ಈ 48 ಗಂಟೆಯೇ ಕೈಗೆ ಸಿಗುವ ಹಿಡಿ. ಆ ಗಡಿಯಾರ ಶುರುವಾಗುವುದು ನೀವು ಪುರಾವೆ ಕೊಟ್ಟ ದಿನದಿಂದ. ಕೊಟ್ಟ ದಿನವನ್ನು ತೋರಿಸಲಾಗದಿದ್ದರೆ ಗಡಿಯಾರವೂ ಇಲ್ಲ.

ನನ್ನ ತಂಗಿಗೆ ತೊಡಕಾಗಿದ್ದು ಇಲ್ಲೇ. ಡಿಸ್ಚಾರ್ಜ್ ಸಮರಿಯ ಫೋಟೋವನ್ನು ಅವಳು ಆಸ್ಪತ್ರೆಯಿಂದಲೇ ಟೀಮ್ ಲೀಡರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಳು, ಅವರು ಶುಭಾಶಯ ಹೇಳಿ ಸುಮ್ಮನಾಗಿದ್ದರು. ಪುಣ್ಯಕ್ಕೆ ಒಂದು ವಾರದ ನಂತರ, ಮಾರ್ಚ್ 24ರಂದು, ಅದನ್ನೇ ಎಚ್‌ಆರ್‌ಗೆ ಮೇಲ್ ಕೂಡ ಮಾಡಿದ್ದಳು. ನಮ್ಮ ಪತ್ರ ನಿಂತದ್ದು ಆ ಮೇಲಿನ ಮೇಲೆ.

ಬರೆಯುವ ಮೊದಲು ಕ್ಯಾಲೆಂಡರ್ ಹಿಡಿದು ಕೂತೆವು. 26 ವಾರ ಅಂದರೆ 182 ದಿನ, "ಆರು ತಿಂಗಳು" ಎಂದು ಬರೆದರೆ ಕೊನೆಯ ದಿನ ಆಚೀಚೆಯಾಗುತ್ತದೆ. ಅವಳು ರಜೆ ಹಾಕಿದ್ದು 2025ರ ಫೆಬ್ರವರಿ 10, ಸೋಮವಾರ. ಅದನ್ನೇ ಮೊದಲ ದಿನವೆಂದು ಎಣಿಸಿದರೆ ಆಗಸ್ಟ್ 10, ಭಾನುವಾರ 182ನೇ ದಿನ. ಡ್ಯೂ ಡೇಟ್ ಮಾರ್ಚ್ 20 ಇತ್ತು, ಹೆರಿಗೆಯಾದದ್ದು ಒಂದು ವಾರ ಮೊದಲೇ, 13ಕ್ಕೆ. ಮಗು ಮುಂಚೆ ಹುಟ್ಟಿದರೆ ರಜೆ ಕಡಿಮೆಯಾದೀತೇ ಎಂಬ ಭಯ ಅವಳಿಗೆ. ಆಗುವುದಿಲ್ಲ. ಹೆರಿಗೆಗೆ ಮುಂಚೆ 31 ದಿನ ಕಳೆದಿತ್ತು, ಹೆರಿಗೆಯ ದಿನವೂ ಸೇರಿ ಮುಂದೆ 151 ದಿನ ಉಳಿದಿತ್ತು, ಕೂಡಿದರೆ ಅದೇ 182. ಆದರೆ ಎರಡೂ ದಿನಾಂಕಗಳನ್ನು ಪತ್ರದಲ್ಲಿ ಬೇರೆ ಬೇರೆಯಾಗಿ ಹೇಳಲೇಬೇಕು. ರಜೆ ಅರ್ಜಿಯಲ್ಲಿ ಒಂದು, ಡಿಸ್ಚಾರ್ಜ್ ಸಮರಿಯಲ್ಲಿ ಇನ್ನೊಂದು ತಾರೀಖು ಕಂಡರೆ ಪೇರೋಲ್‌ನವರು ಕಡತವನ್ನು ಪಕ್ಕಕ್ಕಿಡುತ್ತಾರೆ. ನಾನೂ ಇಟ್ಟಿದ್ದೇನೆ.

ಪತ್ರ ಹೀಗಿತ್ತು:

"ಮಾನ್ಯರೇ, ನನ್ನ ಉದ್ಯೋಗಿ ಸಂಖ್ಯೆ ಮೇಲೆ ಇದೆ. ನಾನು 10-02-2025ರಿಂದ 10-08-2025ರವರೆಗೆ, ಎರಡೂ ದಿನ ಸೇರಿ 182 ದಿನ, ಹೆರಿಗೆ ರಜೆಯಲ್ಲಿದ್ದೇನೆ. 11-08-2025ರಂದು ಕೆಲಸಕ್ಕೆ ಹಾಜರಾಗುತ್ತೇನೆ. ವೈದ್ಯರು ತಿಳಿಸಿದ್ದ ಹೆರಿಗೆಯ ನಿರೀಕ್ಷಿತ ದಿನಾಂಕ 20-03-2025, ಹೆರಿಗೆಯಾದ ದಿನಾಂಕ 13-03-2025. ರಜೆ ಅರ್ಜಿ ಮತ್ತು ವೈದ್ಯರ ಪತ್ರವನ್ನು 20-01-2025ರಂದು, ಹೆರಿಗೆಯ ಪುರಾವೆಯನ್ನು 24-03-2025ರಂದು ಮೇಲ್ ಮೂಲಕ ಕೊಟ್ಟಿದ್ದೇನೆ. ಮುಂಗಡವಾಗಿ ಬರಬೇಕಿದ್ದ ಹಣವೂ, ಪುರಾವೆ ಕೊಟ್ಟ 48 ಗಂಟೆಯೊಳಗೆ ಬರಬೇಕಿದ್ದ ಹಣವೂ ಇಂದಿನವರೆಗೆ ಬಂದಿಲ್ಲ. ಮಾರ್ಚ್ ಮತ್ತು ಏಪ್ರಿಲ್ ಸಂಬಳದ ಚೀಟಿಗಳಲ್ಲಿ ನನ್ನ ರಜೆಯನ್ನು ಸಂಬಳವಿಲ್ಲದ ರಜೆಯೆಂದು ತೋರಿಸಲಾಗಿದೆ. ಅದನ್ನು ಹೆರಿಗೆ ರಜೆಯೆಂದು ಸರಿಪಡಿಸಿ, ಬಾಕಿ ಹಣವನ್ನು ನನ್ನ ಸಂಬಳದ ಖಾತೆಗೆ ಹಾಕಬೇಕೆಂದು ಕೋರುತ್ತೇನೆ. ಈ ಅವಧಿಯಲ್ಲಿ ನಾನು ಬೇರೆಲ್ಲೂ ಕೆಲಸ ಮಾಡುತ್ತಿಲ್ಲ. ಇನ್ನೂ ಯಾವುದಾದರೂ ದಾಖಲೆ ಬೇಕಿದ್ದರೆ ಯಾವುದೆಂದು ಬರಹದಲ್ಲಿ ತಿಳಿಸಿ."

ಬೇರೆಲ್ಲೂ ಕೆಲಸ ಮಾಡುತ್ತಿಲ್ಲ ಎಂಬ ಸಾಲು ಸುಮ್ಮನೆ ಬಂದದ್ದಲ್ಲ. ಹೆರಿಗೆ ಸೌಲಭ್ಯ ಕೇಳುವ ನೋಟಿಸಿನಲ್ಲಿ ಅದು ಇರಬೇಕೆಂದು ಕಾಯ್ದೆಯೇ ಹೇಳಿತ್ತು. ರಜೆಗೆ ಹೋಗುವ ಮೊದಲು ನೋಟಿಸ್ ಕೊಡುವುದು ಮರೆತುಹೋಗಿದ್ದರೆ ಹೆರಿಗೆಯಾದ ಮೇಲೆ ಬೇಗನೆ ಕೊಡಬಹುದು, ಮರೆತ ಮಾತ್ರಕ್ಕೆ ಹಕ್ಕು ತಪ್ಪಿಹೋಗುವುದಿಲ್ಲ. ಕೊನೆಯ ಸಾಲನ್ನು ನಾನು ಒತ್ತಾಯ ಮಾಡಿ ಬರೆಸಿದೆ. "ಡಾಕ್ಯುಮೆಂಟ್ಸ್ ಪೆಂಡಿಂಗ್" ಎಂಬ ಮಾತಿಗೆ ತುದಿ ಮೊದಲಿಲ್ಲ. ಯಾವ ಕಾಗದ ಎಂದು ಬರೆದು ಹೇಳಬೇಕಾಗಿ ಬಂದಾಗ, ಬೇಡದ ಕಾಗದವನ್ನು ಕೇಳಲು ಯಾರೂ ಮುಂದಾಗುವುದಿಲ್ಲ.

ಜೊತೆಗೆ ಲಗತ್ತಿಸಿದ್ದು ಆರು ಕಾಗದ: ಡ್ಯೂ ಡೇಟ್ ಬರೆದಿದ್ದ ವೈದ್ಯರ ಪತ್ರ, ರಜೆ ಮಂಜೂರಾದ ಮೇಲ್, ಡಿಸ್ಚಾರ್ಜ್ ಸಮರಿ, ಹೆಸರಿನ ಜಾಗ ಖಾಲಿಯಿದ್ದ ಅದೇ ಜನನ ಪ್ರಮಾಣಪತ್ರ, ರಜೆಗೆ ಮುಂಚಿನ ಮೂರು ತಿಂಗಳ ಸಂಬಳದ ಚೀಟಿ, ಕ್ಯಾನ್ಸಲ್ ಮಾಡಿದ ಚೆಕ್. ಮೂರು ತಿಂಗಳ ಚೀಟಿ ಯಾಕೆಂದರೆ ದಿನದ ಸರಾಸರಿ ಸಂಬಳ ಹಿಡಿಯುವುದು ಆ ಮೂರು ತಿಂಗಳಿಂದ. ಡಿಸ್ಚಾರ್ಜ್ ಸಮರಿಯಲ್ಲಿ ಅವಳ ಹೆಸರಿನ ಮುಂದೆ ಗಂಡನ ಹೆಸರು ಸೇರಿಕೊಂಡಿತ್ತು, ಕಂಪನಿಯ ದಾಖಲೆಯಲ್ಲಿ ತಂದೆಯ ಹೆಸರಿನ ಇನಿಷಿಯಲ್. ಅದಕ್ಕಾಗಿ ಆಧಾರ್ ಪ್ರತಿ ಇಟ್ಟು, ಎರಡೂ ಹೆಸರು ನನ್ನದೇ ಎಂದು ಒಂದು ಸಾಲು ಸೇರಿಸಿದೆವು. ಮೇ 19ರಂದು ಮೇಲ್ ಹೋಯಿತು. ಅದರ ಪ್ರಿಂಟನ್ನು ಅವಳ ಗಂಡ ಆಫೀಸಿಗೇ ಒಯ್ದು ಕೊಟ್ಟು, ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬಂದರು.

ಜೂನ್ ಮೊದಲ ವಾರ ಇಡೀ ಅವಧಿಯ ಹಣ ಬಂತು. ಲೆಕ್ಕ ಮಾತ್ರ ಸರಿಯಿರಲಿಲ್ಲ. 36,000ವನ್ನು 30ರಿಂದ ಭಾಗಿಸಿ ದಿನಕ್ಕೆ 1,200 ಎಂದು ಹಿಡಿದಿದ್ದರು. ಆ ಪ್ರಕಾರ 182 ದಿನಕ್ಕೆ 2,18,400 ಆಗಬೇಕು. ಅವರು ಹಾಕಿದ್ದು 1,87,200, ಅಂದರೆ 156 ದಿನದ್ದು. 26 ಭಾನುವಾರಗಳನ್ನು ಬಿಟ್ಟಿದ್ದರು. ತಿಂಗಳ ಸಂಬಳವನ್ನು 30ರಿಂದ ಭಾಗಿಸಿದಾಗಲೇ ಭಾನುವಾರಗಳು ಲೆಕ್ಕದೊಳಗೆ ಬಂದುಬಿಟ್ಟಿರುತ್ತವೆ, ಮತ್ತೆ ಅವನ್ನೇ ಕಳೆದರೆ ತಾಯಿಗೆ ಎರಡು ಸಲ ಪೆಟ್ಟು. ಈ ಪ್ರಶ್ನೆ ಹೊಸದೇನಲ್ಲ. ಕೊಯಮತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ, ರಜೆ 12 ವಾರವಿದ್ದ ಕಾಲದಲ್ಲಿ, ಹೆಣ್ಣಾಳೊಬ್ಬಳಿಗೆ ಭಾನುವಾರಗಳನ್ನು ಕಳೆದು 72 ದಿನದ ಹಣ ಕೊಟ್ಟಿದ್ದರು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು 1977ರಲ್ಲಿ ತೀರ್ಪಾಯಿತು. ಬಿ. ಷಾ ಪ್ರಕರಣ ಎಂದು ಅದು ಹೆಸರಾಗಿದೆ. ಎರಡನೇ ಪತ್ರದಲ್ಲಿ ಆ ತೀರ್ಪನ್ನು ಒಂದೇ ಸಾಲಿನಲ್ಲಿ ನೆನಪಿಸಿ, ಉಳಿದ 31,200 ರೂಪಾಯಿ ಕೇಳಿದೆವು. ಜೂನ್ ಸಂಬಳದ ಜೊತೆ ಅದೂ ಬಂತು.

ಈಗ ಇಂಥ ಪತ್ರ ಬರೆಯುವವರಿಗೆ ಒಂದು ವ್ಯತ್ಯಾಸವಿದೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. 80 ದಿನ, 26 ವಾರ, 48 ಗಂಟೆ ಎಲ್ಲ ಅದರಲ್ಲೂ ಹಾಗೆಯೇ ಇವೆ, ಪತ್ರದಲ್ಲಿ ಹೊಸ ಕಾನೂನಿನ ಹೆಸರು ಬರೆಯಬೇಕು. ಸಂಬಳ ಎಂಬುದರ ವ್ಯಾಖ್ಯೆ ಮಾತ್ರ ಬದಲಾಗಿದೆ: ಮನೆ ಬಾಡಿಗೆ ಭತ್ಯೆಯಂಥವು ಹೊರಗುಳಿಯುತ್ತವೆ, ಆದರೆ ಹಾಗೆ ಹೊರಗುಳಿದದ್ದು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟು ಮತ್ತೆ ಒಳಗೆ ಬರುತ್ತದೆ. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ದಾರಿಯೇ ಬೇರೆ. ಅವರಿಗೆ ಈ ಹಣ ಕೊಡುವುದು ಕಂಪನಿಯಲ್ಲ, ಇಎಸ್‌ಐ ನಿಗಮ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಬಹುಪಾಲು ಇದರಲ್ಲೇ ಬರುತ್ತಾರೆ. ಎಚ್‌ಆರ್ ಬಾಗಿಲಲ್ಲಿ ಕಾಯುವ ಬದಲು ಅವರು ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಬೇಕು.

ಪತ್ರಕ್ಕೂ ಜಗ್ಗದವರ ಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ವಿಚಾರಣೆ ಮಾಡಿ ಹಣ ಕೊಡಿ ಎಂದು ಆದೇಶಿಸುವ ಅಧಿಕಾರ ಅಲ್ಲಿನ ಇನ್‌ಸ್ಪೆಕ್ಟರಿಗಿದೆ. ಆಗ ಅವರು ಮೊದಲು ಕೇಳುವುದೂ ಸೀಲು ಬಿದ್ದ ಆ ನಕಲನ್ನೇ.

ಇಷ್ಟೆಲ್ಲ ಮುಗಿದ ಮೇಲೆ ನಮಗೆ ಇನ್ನೊಂದು ನೆನಪಾಯಿತು. ಹೆರಿಗೆಗೆ ಮುಂಚಿನ ಮತ್ತು ನಂತರದ ವೈದ್ಯಕೀಯ ಆರೈಕೆಯನ್ನು ಕಂಪನಿ ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಬೇರೆಯಾಗಿ ಕೊಡಬೇಕು. ಅವಳ ತಪಾಸಣೆಯ ಖರ್ಚೆಲ್ಲ ಕೈಯಿಂದಲೇ ಹೋಗಿತ್ತು. ಎರಡು ಪತ್ರ ಬರೆದರೂ ನಾನು ಅದನ್ನು ಬಿಟ್ಟಿದ್ದೆ. ಮೂರನೆಯದನ್ನು ಅವಳೇ ಬರೆದು, ಕಳಿಸಿದ ಮೇಲೆ ನನಗೆ ತೋರಿಸಿದಳು.